ಗೆಜ್ಜೆ ಹುಡುಕುವ ಮೇಕೆಮರಿ: ಒಂದು ಚಿತ್ರಪುಸ್ತಕದ ಕರಡು ತಿದ್ದಿದ ಅನುಭವ

ಪ್ರಕಾಶಕರು ಕಳಿಸಿದ ಕಡತದಲ್ಲಿ ಇದ್ದದ್ದು ಇಷ್ಟು: ಸುಮಾರು ಇನ್ನೂರು ಪದಗಳ ಕಥೆ, ಜೊತೆಗೆ ಕಲಾವಿದೆ ಪೆನ್ಸಿಲಿನಲ್ಲಿ ಬರೆದ ಕಚ್ಚಾ ಚಿತ್ರಗಳು. ಪುಸ್ತಕ 24 ಪುಟದ್ದು. ಮೊದಲನೆಯ ಪುಟ ಶೀರ್ಷಿಕೆಗೆ, ಕೊನೆಯದು ಪ್ರಕಾಶನದ ವಿವರಕ್ಕೆ ಹೋದರೆ ಕಥೆಗೆ ಉಳಿಯುವುದು 11 ಜೋಡಿಪುಟ. ಮೇಕೆಮರಿಯೊಂದರ ಕೊರಳ ಗೆಜ್ಜೆ ಕಾಣೆಯಾಗಿದೆ. ಅದು ಹಸುವನ್ನು ಕೇಳುತ್ತದೆ, ಕಾಗೆಯನ್ನು ಕೇಳುತ್ತದೆ, ಕೋಳಿಯನ್ನು, ನಾಯಿಯನ್ನು ಕೇಳುತ್ತದೆ. ಕೊನೆಗೆ ನೋಡಿದರೆ ದಾರ ಸವೆದಿತ್ತೆಂದು ಅಜ್ಜಿಯೇ ಗೆಜ್ಜೆ ಬಿಚ್ಚಿಟ್ಟುಕೊಂಡು ಹೊಸ ದಾರಕ್ಕೆ ಪೋಣಿಸುತ್ತಿದ್ದಾಳೆ. ಒಳ್ಳೆಯ ಕಥೆ. ಮಗುವಿಗೆ ಬೇಕಾದ ಹುಡುಕಾಟವೂ ಇದೆ, ಕೊನೆಗೆ ಸಿಗುವ ಸಮಾಧಾನವೂ ಇದೆ.

ಕಡತದ ತಲೆಯ ಮೇಲೆ ಸಂಪಾದಕರು ‘ಮೊದಲ ಓದು, 6–7 ವರ್ಷ’ ಎಂದು ಬರೆದಿದ್ದರು. ನನಗೆ ಎಲ್ಲಕ್ಕಿಂತ ಮುಖ್ಯವಾದ ಸೂಚನೆ ಅದೇ. ದೊಡ್ಡವರು ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಓದಿ ಹೇಳುವ ಪುಸ್ತಕವಾದರೆ ಒಂದು ಬಗೆಯ ತಿದ್ದುವಿಕೆ, ಮಗು ತಾನೇ ಬೆರಳಿಟ್ಟು ಓದುವ ಪುಸ್ತಕವಾದರೆ ಇನ್ನೊಂದು. ಮೊದಲನೆಯದರಲ್ಲಿ ಕಿವಿಗೆ ಹಿತವಾದುದೆಲ್ಲ ಸರಿ. ಎರಡನೆಯದರಲ್ಲಿ ಕಿವಿಯ ಜೊತೆ ಕಣ್ಣನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಒಂದನೆಯ, ಎರಡನೆಯ ತರಗತಿಯ ಮಗುವಿಗೆ ಒತ್ತಕ್ಷರ ಈಗಷ್ಟೇ ಪರಿಚಯವಾಗಿರುತ್ತದೆ. ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ ತರಗತಿಗಳಲ್ಲಿ ಅಕ್ಷರ ಕಲಿಕೆ ‘ಅ ಆ ಇ ಈ’ ಇಂದ ಶುರುವಾಗದೆ ‘ರ ಗ ಸ ದ ಅ’ ಎಂಬ ಗುಂಪಿನಿಂದ ಶುರುವಾಗುವುದೂ ಇದೇ ಕಾರಣಕ್ಕೆ: ಕೆಲವೇ ಅಕ್ಷರಗಳಲ್ಲಿ ಬೇಗ ಪದ ಕಟ್ಟಬಹುದು. ಒತ್ತುಗಳು ಬರುವುದು ಆಮೇಲೆ. ಅವುಗಳಲ್ಲೂ ‘ಅಕ್ಕ’, ‘ಅಮ್ಮ’ದಂತೆ ತನ್ನದೇ ಒತ್ತು ಇರುವವು ಸುಲಭ. ಒಂದು ಅಕ್ಷರಕ್ಕೆ ಇನ್ನೊಂದರ ಒತ್ತು ಬರುವ ಪದಗಳು ಕಷ್ಟ.

ಪದಗಳ ಲೆಕ್ಕವನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಪ್ರಥಮ್ ಬುಕ್ಸ್‌ನವರ ಮಕ್ಕಳ ಕಥೆಗಳ ಜಾಲತಾಣ ಸ್ಟೋರಿವೀವರ್‌ನಲ್ಲಿ ಮೊದಲ ಹಂತದ ಪುಸ್ತಕಗಳಿಗೆ 250 ಪದಗಳ ಮಿತಿ ಇದೆ. ಎಲ್ಲ ಭಾಷೆಗಳಿಗೂ ಸಮನಾಗಿ ಇಟ್ಟುಕೊಳ್ಳಲು ಅಂಥದ್ದೊಂದು ಅಳತೆ ಬೇಕೇ ಬೇಕು. ಆದರೆ ಕನ್ನಡದಲ್ಲಿ ‘ಹುಡುಕುತ್ತಿರಲಿಲ್ಲವಂತೆ’ ಎಂಬುದೂ ಒಂದೇ ಪದ, ‘ಬಾ’ ಎಂಬುದೂ ಒಂದೇ ಪದ. ಹಾಗಾಗಿ ನಾನು ಪದಗಳನ್ನು ಎಣಿಸುವ ಬದಲು ಉದ್ದದ ಪದಗಳನ್ನು ಹುಡುಕುತ್ತೇನೆ. ಐದು ಅಕ್ಷರ ದಾಟಿದ ಪ್ರತಿಯೊಂದು ಪದದ ಕೆಳಗೂ ತೆಳುವಾಗಿ ಗೆರೆ ಎಳೆದು, ಅದನ್ನು ಬಿಡಿಸಲು ಆಗುತ್ತದೆಯೇ ಎಂದು ನೋಡುತ್ತೇನೆ. ಈ ಕಥೆಯಲ್ಲಿ ‘ಬಣವೆಯಹಿಂದಿನಿಂದ’ ಎಂದು ಕೂಡಿಸಿ ಬರೆದ ಪದವಿತ್ತು. ಬಿಡಿಸಿದರೆ ‘ಬಣವೆಯ ಹಿಂದಿನಿಂದ’ ಆಗುತ್ತದೆ. ಅರ್ಥಕ್ಕೆ ಧಕ್ಕೆಯಿಲ್ಲ, ಕಣ್ಣಿಗೆ ಒಂದು ನಿಲುಗಡೆ ಸಿಗುತ್ತದೆ.

ಮೊದಲ ಸುತ್ತಿನಲ್ಲಿ ಪೆನ್ನು ಹಿಡಿಯದೆ ಕಥೆಯನ್ನು ಜೋರಾಗಿ ಓದಿದೆ. ಇದು ನನ್ನ ಅಭ್ಯಾಸ. ಕಣ್ಣು ತಪ್ಪುಗಳನ್ನು ಹುಡುಕಲು ಶುರು ಮಾಡಿದರೆ ಕಿವಿ ಕೆಲಸ ನಿಲ್ಲಿಸುತ್ತದೆ. ಮತ್ತೆ ಮತ್ತೆ ಬರುವ ಸಾಲು ಇರುವ ಕಥೆಯಲ್ಲಂತೂ ಅದು ದೊಡ್ಡ ನಷ್ಟ. ಓದುವಾಗ ನಾಲಿಗೆ ಎಲ್ಲಿ ತಡವರಿಸಿತು ಎಂಬುದನ್ನಷ್ಟೇ ನೆನಪಿಟ್ಟುಕೊಂಡೆ. ಎರಡನೆಯ ಸುತ್ತಿಗೆ ಮುನ್ನ ಒಂದು ಬಿಳಿ ಹಾಳೆಯಲ್ಲಿ ಪಲ್ಲವಿಯ ಸಾಲುಗಳನ್ನು ಮಾತ್ರ, ಅವು ಯಾವ ಪುಟದಲ್ಲಿ ಹೇಗೆ ಇವೆಯೋ ಹಾಗೆಯೇ, ಒಂದರ ಕೆಳಗೊಂದು ಬರೆದುಕೊಂಡೆ:

7ನೇ ಪುಟ: ಇಲ್ಲಿ ಇಲ್ಲ, ಅಲ್ಲಿ ಇಲ್ಲ, ಎಲ್ಲಿ ಹೋಯ್ತು ಗೆಜ್ಜೆ?
11ನೇ ಪುಟ: ಇಲ್ಲಿಲ್ಲ, ಅಲ್ಲಿಲ್ಲ. ಎಲ್ಲಿ ಹೋಯಿತು ಗೆಜ್ಜೆ?
15ನೇ ಪುಟ: ಇಲ್ಲೂ ಇಲ್ಲ, ಅಲ್ಲೂ ಇಲ್ಲ ಎಲ್ಲಿ ಹೋಯ್ತು ಗೆಜ್ಜೆ!
19ನೇ ಪುಟ: ಇಲ್ಲಿ ಇಲ್ಲ, ಅಲ್ಲಿ ಇಲ್ಲ... ಎಲ್ಲಿ ಹೋಯಿತು ನನ್ನ ಗೆಜ್ಜೆ??

ಕಥೆಯ ಒಳಗೆ ಓದುವಾಗ ನಾಲ್ಕೂ ಒಂದೇ ಸಾಲಿನಂತೆ ಕೇಳುತ್ತವೆ. ದೊಡ್ಡವರ ಕಣ್ಣು ಇಂಥ ವ್ಯತ್ಯಾಸಗಳನ್ನು ತಾನೇ ತುಂಬಿಸಿಕೊಂಡು ಮುಂದೆ ಹೋಗುತ್ತದೆ. ಮಗು ಹಾಗಲ್ಲ. 7ನೇ ಪುಟದಲ್ಲಿ ಕಷ್ಟಪಟ್ಟು ಬಿಡಿಸಿ ಓದಿದ ಸಾಲನ್ನು 11ನೇ ಪುಟದಲ್ಲಿ ಕಂಡಾಗ ಅದು ಓದುವುದಿಲ್ಲ, ಗುರುತು ಹಿಡಿಯುತ್ತದೆ. ಹಾಗೆ ಗುರುತು ಹಿಡಿಯುವ ಹೊತ್ತಿಗೆ ಅಲ್ಲಿ ಬೇರೆ ಅಕ್ಷರ ಇದ್ದರೆ ತನ್ನದೇ ತಪ್ಪೇನೋ ಎಂದು ನಿಂತುಬಿಡುತ್ತದೆ. ಪಲ್ಲವಿ ಇರುವುದೇ ಆ ಗುರುತಿಗಾಗಿ. ಆದ್ದರಿಂದ ಅದರಲ್ಲಿ ಬದಲಾವಣೆ ಇದ್ದರೆ ಅದು ಲೇಖಕಿ ಬೇಕೆಂದೇ ಮಾಡಿದ್ದೋ, ಟೈಪ್ ಮಾಡುವಾಗ ತಾನಾಗಿ ಬಂದದ್ದೋ ಎಂಬುದು ಮೊದಲು ಗೊತ್ತಾಗಬೇಕು. ಲೇಖಕಿಗೆ ಫೋನ್ ಮಾಡಿ ಕೇಳಿದೆ.

‘ಅಯ್ಯೋ, ನಾಲ್ಕೂ ಒಂದೇ ಅಲ್ಲವೇ? ನಾನು ಹಾಡಿಕೊಂಡು ಬರೆದದ್ದು,’ ಎಂದರು. ಆಮೇಲೆ ಸ್ವಲ್ಪ ಯೋಚಿಸಿ, ‘19ನೇ ಪುಟದ ನನ್ನ ಎನ್ನುವುದು ಮಾತ್ರ ಬೇಕೆಂದೇ ಹಾಕಿದ್ದು. ಅಷ್ಟು ಹೊತ್ತಿಗೆ ಮರಿಗೆ ಅಳು ಬಂದಿರುತ್ತದೆ,’ ಎಂದು ಸೇರಿಸಿದರು. ಉಳಿದದ್ದನ್ನು ಒಂದೇ ರೂಪಕ್ಕೆ ತರಬಹುದು ಎಂದಾಯಿತು. ಯಾವ ರೂಪಕ್ಕೆ ಎಂಬುದೇ ಮುಂದಿನ ಪ್ರಶ್ನೆ.

‘ಹಾಡಿಕೊಂಡು ಬರೆದದ್ದು’ ಎಂದಾಗಲೇ ನನಗೆ ದಾರಿ ಸಿಕ್ಕಿತ್ತು. ಶಾಲೆಯಲ್ಲಿ ಕಲಿತ ಲಘು-ಗುರುಗಳನ್ನು ಸಾಲಿನ ಮೇಲೆ ಹಾಕಿ ನೋಡಿದೆ. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು, ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಎರಡು. ‘ಇಲ್ಲಿ’ ಮೂರು ಮಾತ್ರೆ, ‘ಇಲ್ಲ’ ಮೂರು, ‘ಅಲ್ಲಿ’ ಮೂರು, ಮತ್ತೆ ‘ಇಲ್ಲ’ ಮೂರು. ‘ಎಲ್ಲಿ’ ಮೂರು, ‘ಹೋಯ್ತು’ ಮೂರು, ‘ಗೆಜ್ಜೆ’ ಮೂರು. ಲೇಖಕಿ ಎಣಿಸಿ ಬರೆದವರಲ್ಲ, ಆದರೆ ಅವರ ಕಿವಿ ಇಡೀ ಸಾಲನ್ನು ಮೂರು ಮೂರರ ನಡಿಗೆಯಲ್ಲಿ ಕಟ್ಟಿತ್ತು. 11ನೇ ಪುಟದ ‘ಇಲ್ಲಿಲ್ಲ’ ಸಂಧಿಯಾಗಿ ಐದು ಮಾತ್ರೆಗೆ ಇಳಿದಿತ್ತು. 15ನೇ ಪುಟದ ‘ಇಲ್ಲೂ’ ನಾಲ್ಕಕ್ಕೆ ಏರಿತ್ತು. ಓದುವಾಗ ನನ್ನ ನಾಲಿಗೆ ತಡವರಿಸಿದ್ದು ಸರಿಯಾಗಿ ಅಲ್ಲೇ.

ತೊಡಕು ಇದ್ದದ್ದು ‘ಹೋಯ್ತು’ ಎಂಬಲ್ಲಿ. ಅದು ಆಡುಮಾತಿನ ರೂಪ. ಬರವಣಿಗೆಯ ಕನ್ನಡದಲ್ಲಿ ‘ಹೋಯಿತು’. ಪುಸ್ತಕದ ಉಳಿದ ಭಾಗದಲ್ಲೆಲ್ಲ ‘ಓಡಿತು’, ‘ನೋಡಿತು’, ‘ಆಯಿತು’ ಎಂದೇ ಇದೆ. ವ್ಯಾಕರಣವನ್ನು ಮಾತ್ರ ನೋಡುವವರು ಇಲ್ಲಿ ಕಣ್ಣು ಮುಚ್ಚಿಕೊಂಡು ‘ಹೋಯಿತು’ ಎಂದು ತಿದ್ದಿ ಮುಂದೆ ಹೋಗುತ್ತಾರೆ. ಹಾಗೆ ತಿದ್ದಿದರೆ ಆ ಪದ ನಾಲ್ಕು ಮಾತ್ರೆಯಾಗಿ, ಪಲ್ಲವಿ ಕೊನೆಗೆ ಬಂದು ಕುಂಟುತ್ತದೆ. ಲಯ ಮುಖ್ಯವೆಂದು ‘ಹೋಯ್ತು’ ಎಂದೇ ಉಳಿಸಿದರೆ, ಯ-ಕ್ಕೆ ತ-ದ ಒತ್ತು. ಮೊದಲ ಓದಿನ ಮಗುವಿಗೆ ಆ ಜೋಡಿ ಬಹಳ ಅಪರೂಪ. ನಮ್ಮ ಓಣಿಯ ಸರ್ಕಾರಿ ಶಾಲೆಯಲ್ಲಿ ಎರಡನೆಯ ತರಗತಿ ಓದುವ ನನ್ನ ಅಣ್ಣನ ಮಗಳ ಮುಂದೆ ಹಾಳೆ ಇಟ್ಟೆ. ‘ಇಲ್ಲಿ ಇಲ್ಲ, ಅಲ್ಲಿ ಇಲ್ಲ’ ಎಂದು ಸಲೀಸಾಗಿ ಓದಿದಳು. ‘ಎಲ್ಲಿ’ ಎಂದಳು. ಆಮೇಲೆ ಬೆರಳು ನಿಂತಿತು. ‘ಹೋ… ಯ… ಅತ್ತೆ, ಇದು ಏನು ಒತ್ತು?’ ಅಷ್ಟು ಹೊತ್ತಿಗೆ ‘ಎಲ್ಲಿ’ ಎಂದದ್ದು ಮರೆತು ಹೋಗಿ, ಸಾಲನ್ನು ಮತ್ತೆ ಮೊದಲಿನಿಂದ ಶುರು ಮಾಡಿದಳು.

ಅಂದರೆ ಎರಡು ರೂಪಗಳಲ್ಲಿ ಒಂದು ಕಿವಿಗೆ ತೊಡಕು, ಇನ್ನೊಂದು ಕಣ್ಣಿಗೆ. ಇಂಥಲ್ಲಿ ಆ ಪದವನ್ನೇ ಹಿಡಿದು ಜಗ್ಗಾಡುವುದಕ್ಕಿಂತ ಅದಿಲ್ಲದೆ ಸಾಲು ನಿಲ್ಲುತ್ತದೆಯೇ ಎಂದು ನೋಡುವುದು ಮೇಲು. ಲೇಖಕಿ 19ನೇ ಪುಟದಲ್ಲಿ ತಾವೇ ಬಳಸಿದ್ದ ‘ನನ್ನ’ ಎಂಬ ಪದ ಅಲ್ಲೇ ಇತ್ತು. ಮೂರು ಮಾತ್ರೆಯದು, ತನ್ನದೇ ಒತ್ತಿನದು, ಆ ವಯಸ್ಸಿನ ಯಾವ ಮಗುವಿಗೂ ಗೊತ್ತಿರುವಂಥದು. ‘ಇಲ್ಲಿ ಇಲ್ಲ, ಅಲ್ಲಿ ಇಲ್ಲ. ಎಲ್ಲಿ ನನ್ನ ಗೆಜ್ಜೆ?’ ಇಡೀ ಸಾಲಿನಲ್ಲಿ ಕ್ರಿಯಾಪದವೇ ಇಲ್ಲ. ಕನ್ನಡಕ್ಕೆ ಅದು ಕೊರತೆಯಲ್ಲ. ‘ಎಲ್ಲಿ ನನ್ನ ಚಪ್ಪಲಿ?’ ಎಂದು ಮಕ್ಕಳು ದಿನಾ ಕೇಳುವುದೇ ಹಾಗೆ. ಇದನ್ನು ಬದಿಯಲ್ಲಿ ಬರೆದು, ಕಾರಣವನ್ನೂ ಬರೆದು, ‘ಸಲಹೆ ಮಾತ್ರ’ ಎಂದು ಗುರುತು ಹಾಕಿದೆ. ಪಲ್ಲವಿ ಲೇಖಕಿಯದು. ಅದನ್ನು ನಾನಾಗಿ ಬದಲಿಸುವ ಅಧಿಕಾರ ನನಗಿಲ್ಲ.

ಅವರು ಸುಲಭವಾಗಿ ಒಪ್ಪಲಿಲ್ಲ, ಒಪ್ಪದಿರಲು ಕಾರಣವೂ ಇತ್ತು. ‘ಹೋಯ್ತು ಎಂದರೆ ಕಳೆದುಹೋದ ನೋವು ಇದೆ, ಮೇಡಂ. ಬರೀ ಎಲ್ಲಿ ಎಂದರೆ ಇಟ್ಟ ಜಾಗ ಮರೆತಂತೆ ಇರುತ್ತದೆ,’ ಎಂದರು. ಜೊತೆಗೆ, ‘ನಾಲ್ಕು ಕಡೆಯೂ ನನ್ನ ಎಂದರೆ ಕೊನೆಯ ಅಳು ಎಲ್ಲಿ ಉಳಿಯಿತು?’ ಎಂದೂ ಕೇಳಿದರು. ಎರಡನೆಯ ಮಾತು ತುಂಬ ಸರಿಯಾಗಿತ್ತು. ಪಲ್ಲವಿಯನ್ನು ಒಂದೇ ರೂಪಕ್ಕೆ ತರುವ ಭರದಲ್ಲಿ ಅವರು ಬೇಕೆಂದೇ ಮಾಡಿದ ಒಂದೇ ಒಂದು ಏರಿಕೆ ಅಳಿಸಿ ಹೋಗಬಾರದು. ಆ ಏರಿಕೆಯನ್ನು ಬೇರೆ ಹೇಗೆ ತರಬಹುದೆಂದು ಇಬ್ಬರೂ ಫೋನಿನಲ್ಲೇ ಸಾಲನ್ನು ಹೇಳಿ ಹೇಳಿ ನೋಡಿದೆವು. ಕೊನೆಗೆ ಅವರೇ ಹೇಳಿದರು: ‘ಎಲ್ಲಿ, ಎಲ್ಲಿ, ಎಲ್ಲಿ ನನ್ನ ಗೆಜ್ಜೆ?’ ಮೂರು ಮೂರರ ನಡಿಗೆ ಹಾಗೆಯೇ ಇದೆ, ಹೊಸ ಪದ ಒಂದೂ ಇಲ್ಲ, ಆದರೆ ಮರಿಯ ದನಿ ಏರಿದೆ. ಮಗು ಅದನ್ನು ಓದುವಾಗ ತಾನೂ ದನಿ ಏರಿಸದೆ ಇರುವುದಿಲ್ಲ. ನೋವು ಮರಳಿ ಬಂದದ್ದರಿಂದ ‘ಹೋಯ್ತು’ವನ್ನು ಅವರು ಬಿಟ್ಟುಕೊಟ್ಟರು. ಇದು ಓದಿ ಹೇಳುವ ಪುಸ್ತಕವಾಗಿದ್ದರೆ ನಾನು ‘ಹೋಯ್ತು’ ಪರವಾಗಿಯೇ ವಾದಿಸುತ್ತಿದ್ದೆ.

ಪಲ್ಲವಿಗೆ ಮುಂಚೆ ಬರುವ ಪ್ರಶ್ನೆಯ ಸಾಲಿನಲ್ಲೂ ಇದೇ ಬಗೆಯ ಕೆಲಸ ಇತ್ತು. ‘ಹಸುವಮ್ಮ, ಹಸುವಮ್ಮ, ನನ್ನ ಗೆಜ್ಜೆ ಕಂಡೆಯಾ?’ ಎಂದು ಶುರುವಾಗಿ, ಕಾಗೆಯ ಪುಟದಲ್ಲಿ ‘ನೋಡಿದೆಯಾ’, ನಾಯಿಯ ಪುಟದಲ್ಲಿ ‘ನೋಡಿದಿರಾ’ ಎಂದಾಗಿತ್ತು. ಮೇಕೆಮರಿ ಹಸುವನ್ನು ‘ನೀನು’ ಎಂದು, ನಾಯಿಯನ್ನು ‘ನೀವು’ ಎಂದು ಕರೆಯಲು ಕಥೆಯಲ್ಲಿ ಯಾವ ಕಾರಣವೂ ಇಲ್ಲ. ನಮ್ಮಲ್ಲಿ ಮಕ್ಕಳು ಅಮ್ಮ, ಅಜ್ಜಿಯರನ್ನೇ ‘ನೀನು’ ಎನ್ನುತ್ತಾರೆ. ಕಥೆಯ ಪ್ರಾಣಿಗಳೂ ಆ ಬಳಗಕ್ಕೆ ಸೇರಿದವು. ಹಾಗಾಗಿ ಏಕವಚನ. ‘ನೋಡಿದೆಯಾ’ ಬೇಡ, ‘ಕಂಡೆಯಾ’ ಇರಲಿ ಎನ್ನಲು ಕಾರಣ ಉತ್ತರದ ಸಾಲಿನಲ್ಲಿತ್ತು. ಹಸು ‘ಕಾಣೆ’ ಎನ್ನುತ್ತಿತ್ತು, ಕಾಗೆ ‘ನೋಡಲಿಲ್ಲ’ ಎನ್ನುತ್ತಿತ್ತು. ‘ಕಾಣೆ’ ಎಂದರೆ ‘ನನಗೆ ತಿಳಿಯದು’ ಎಂಬ ಅರ್ಥ ದೊಡ್ಡವರಿಗೆ ಗೊತ್ತು. ಮಗುವಿಗೆ ‘ಕಾಣೆಯಾಯಿತು’ ಎಂಬುದಷ್ಟೇ ಗೊತ್ತು, ಹಸುವೂ ಕಾಣೆಯಾಯಿತೇ ಎಂದು ಅದು ಕೇಳಿದರೂ ಕೇಳಬಹುದು. ‘ಕಂಡೆಯಾ?’ ಎಂದರೆ ‘ಕಂಡಿಲ್ಲ’ ಎಂಬ ಉತ್ತರ ತಾನಾಗಿ ಬರುತ್ತದೆ. ಎರಡೂ ಐದು ಮಾತ್ರೆ. ಪ್ರಶ್ನೆಯನ್ನು ಅಮ್ಮ, ಉತ್ತರವನ್ನು ಮಗು ಹಂಚಿಕೊಂಡು ಓದಬಹುದು.

ಕರೆಯುವ ಹೆಸರುಗಳ ಬಗ್ಗೆ ಇನ್ನೂ ಸ್ವಲ್ಪ ಹೊತ್ತು ಚರ್ಚೆ ನಡೆಯಿತು. ‘ಹಸುವಮ್ಮ’, ‘ಕಾಗಕ್ಕ’ ಎರಡೂ ಐದು ಮಾತ್ರೆಯವು. ‘ಕೋಳಿಯಕ್ಕ’, ‘ನಾಯಿಯಣ್ಣ’ ಆರರವು. ಎರಡೆರಡು ಸಲ ಕರೆಯುವುದರಿಂದ ಆ ಒಂದು ಮಾತ್ರೆ ಎರಡಾಗಿ ಕೇಳುತ್ತದೆ. ಕಾಗಕ್ಕ-ಗುಬ್ಬಕ್ಕರ ದಾರಿಯಲ್ಲೇ ನಡೆದರೆ ‘ಕೋಳಕ್ಕ’, ‘ನಾಯಣ್ಣ’ ಆಗುತ್ತದೆ. ಕಾಗೆ ಮತ್ತು ಅಕ್ಕ ಸೇರಿ ಲೋಪಸಂಧಿಯಾದಂತೆಯೇ ಇದೂ. ಸಂಪಾದಕರಿಗೆ ‘ಕೋಳಕ್ಕ’ ಹಿಡಿಸಲಿಲ್ಲ. ‘ಕೋಳಿ’ ಎಂಬ ಪದ ಪೂರ್ತಿ ಕಾಣದಿದ್ದರೆ ಮಗು ಹೇಗೆ ಗುರುತಿಸುತ್ತದೆ ಎಂದರು. ಅದೂ ನ್ಯಾಯವಾದ ಪ್ರಶ್ನೆ. ಆದರೆ ಎದುರು ಪುಟದ ತುಂಬ ಹುಂಜದಷ್ಟೇ ದೊಡ್ಡ ಹೇಟೆ ನಿಂತಿದೆ, ಮೇಲಿನ ಸಾಲಿನಲ್ಲಿ ‘ಅಲ್ಲಿ ಒಂದು ಕೋಳಿ ಇತ್ತು’ ಎಂದೂ ಇದೆ. ಪೂರ್ತಿ ಪದವನ್ನು ಮೊದಲು ಓದಿ, ಚಿತ್ರ ನೋಡಿ, ಆಮೇಲೆ ಮಗು ‘ಕೋಳಕ್ಕ’ಕ್ಕೆ ಬರುತ್ತದೆ. ಲೇಖಕಿ ‘ಕೋಳಕ್ಕ’ ಕಡೆಗೆ ನಿಂತರು. ಅದೇ ಉಳಿಯಿತು.

ಇನ್ನು ವಾಕ್ಯಗಳ ವಿಷಯ. ಇಲ್ಲಿ ಹೆಚ್ಚು ಕೆಲಸ ಇರಲಿಲ್ಲ, ಆದರೆ ಒಂದು ವಾಕ್ಯವನ್ನು ಹಾಗೆಯೇ ತೋರಿಸಬೇಕು. ‘ಮೇಕೆಮರಿಯು ಓಡುತ್ತಾ ಹೋಗಿ ಬಣವೆಯ ಹಿಂದೆ ಇಣುಕಿ ನೋಡಿ ಅಲ್ಲಿಯೂ ಗೆಜ್ಜೆ ಕಾಣದಿರಲು ಬಾವಿಯ ಕಡೆಗೆ ಹೊರಟಿತು.’ ವ್ಯಾಕರಣದಲ್ಲಿ ಒಂದು ತಪ್ಪೂ ಇಲ್ಲ. ‘ಹೋಗಿ’, ‘ಇಣುಕಿ’, ‘ನೋಡಿ’ ಎಂದು ಕ್ರಿಯೆಗಳನ್ನು ಪೋಣಿಸುತ್ತಾ ಹೋಗುವುದು ಕನ್ನಡದ ಸಹಜ ಗುಣ. ಮಾತಿನಲ್ಲಿ ಮಕ್ಕಳೂ ಹಾಗೆಯೇ ಹೇಳುತ್ತಾರೆ. ಓದುವಾಗ ಮಾತ್ರ ಕೊನೆಯ ‘ಹೊರಟಿತು’ ಸಿಗುವ ತನಕ ಮೊದಲಿನದನ್ನೆಲ್ಲ ತಲೆಯಲ್ಲಿ ಹಿಡಿದುಕೊಂಡಿರಬೇಕು. ಹಾಗೆಂದು ಎಲ್ಲವನ್ನೂ ಕತ್ತರಿಸಿ ‘ಮರಿ ಓಡಿತು. ಮರಿ ಇಣುಕಿತು. ಮರಿ ನೋಡಿತು’ ಎಂದು ಮಾಡಿದರೆ ಅದು ಕಥೆಯಾಗಿ ಉಳಿಯುವುದಿಲ್ಲ, ಕಾಪಿ ಪುಸ್ತಕವಾಗುತ್ತದೆ. ಒಂದು ವಾಕ್ಯಕ್ಕೆ ಎರಡು ಕ್ರಿಯೆ ಎಂಬ ಮಿತಿಯನ್ನು ಇಟ್ಟುಕೊಂಡು ಹೀಗೆ ಮಾಡಿದೆ: ‘ಮರಿ ಓಡಿ ಹೋಯಿತು. ಬಣವೆಯ ಹಿಂದೆ ಇಣುಕಿ ನೋಡಿತು. ಗೆಜ್ಜೆ ಇರಲಿಲ್ಲ.’ ಬಾವಿಯ ಕಡೆಗೆ ಹೊರಡುವುದು ಮುಂದಿನ ಪುಟದ ಚಿತ್ರದಲ್ಲಿ ಕಾಣುವುದರಿಂದ ಅದನ್ನು ಹೇಳಬೇಕಾಗಿಯೇ ಇರಲಿಲ್ಲ. ‘ಮರಿಯು’ ಎಂಬಲ್ಲಿನ ‘ಯು’ವನ್ನು ಕಥೆಯುದ್ದಕ್ಕೂ ತೆಗೆದೆ. ‘ಗೆಜ್ಜೆಯು ಕಟ್ಟಲ್ಪಟ್ಟಿತ್ತು’ ಎಂಬುದನ್ನು ‘ಅಜ್ಜಿ ಗೆಜ್ಜೆ ಕಟ್ಟಿದ್ದಳು’ ಎಂದು ಮಾಡಿದೆ. ಯಾರು ಕಟ್ಟಿದರು ಎಂಬುದು ಈ ಕಥೆಯಲ್ಲಿ ಮುಖ್ಯವೂ ಹೌದು.

ಲಿಂಗ-ವಚನದ್ದು ಎರಡು ಕಡೆ ಬಂತು. ಮರಿಗೆ ಎಲ್ಲ ಕಡೆ ‘ಓಡಿತು’, ‘ಕೇಳಿತು’ ಎಂದಿದ್ದು, ಒಂದು ಪುಟದಲ್ಲಿ ‘ಅತ್ತಳು’ ಎಂದಿತ್ತು. ಮರಿಗೆ ಹೆಸರಿಟ್ಟು ಹುಡುಗಿಯಾಗಿ ಕಂಡಿದ್ದರೆ ಇಡೀ ಪುಸ್ತಕದಲ್ಲಿ ‘ಓಡಿದಳು’ ಎನ್ನಬಹುದಿತ್ತು, ಅದೇನೂ ತಪ್ಪಲ್ಲ. ಎರಡನ್ನೂ ಬೆರೆಸುವುದು ತಪ್ಪು. ‘ಅತ್ತಿತು’ ಎಂದಾಯಿತು. ಇನ್ನೊಂದು ಕಡೆ ‘ಕೋಳಿಮರಿಗಳು ಓಡಿ ಬಂತು’ ಎಂದಿತ್ತು. ಮಾತಿನಲ್ಲಿ ನಡೆಯುತ್ತದೆ. ಮಗು ಬರವಣಿಗೆಯ ರೂಪವನ್ನು ಮೊದಲ ಸಲ ಕಾಣುವುದು ಇಂಥ ಪುಸ್ತಕಗಳಲ್ಲೇ ಆದ್ದರಿಂದ ‘ಓಡಿ ಬಂದವು’ ಎಂದೇ ಇರಬೇಕು ಎಂದು ನಾನು ಹಠ ಹಿಡಿದೆ.

ಚಿಹ್ನೆಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಬಿಗಿಯಾದದ್ದು. ಈ ವಯಸ್ಸಿಗೆ ಪೂರ್ಣವಿರಾಮ, ಅಲ್ಪವಿರಾಮ, ಪ್ರಶ್ನೆ, ಉದ್ಗಾರ, ಉದ್ಧರಣೆ ಇವಿಷ್ಟು ಸಾಕು. ಅರ್ಧವಿರಾಮ, ಆವರಣ, ಗೆರೆ ಬೇಡ. ಮೂಲದಲ್ಲಿ ಉದ್ಗಾರ ಚಿಹ್ನೆ ಪುಟಕ್ಕೊಂದರಂತೆ ಇತ್ತು. ಕೆಲವು ಕಡೆ ಎರಡೆರಡು. ಮಗು ಉದ್ಗಾರವನ್ನು ಕಂಡರೆ ಅದಕ್ಕೆ ಕೊಡಬೇಕಾದ ದನಿಯನ್ನು ನಿಜವಾಗಿಯೂ ಕೊಡುತ್ತದೆ. ‘ಅಲ್ಲಿ ಒಂದು ಕೋಳಿ ಇತ್ತು!’ ಎಂಬುದನ್ನು ಕೂಗಿ ಓದಿದರೆ, ಕೊನೆಗೆ ಗೆಜ್ಜೆ ಸಿಕ್ಕಾಗ ಕೂಗಲು ಏನೂ ಉಳಿಯುವುದಿಲ್ಲ. ಎಲ್ಲವನ್ನೂ ತೆಗೆದು, 22ನೇ ಪುಟದ ‘ಇಲ್ಲೇ ಇದೆ ನನ್ನ ಗೆಜ್ಜೆ!’ ಎಂಬ ಒಂದು ಕಡೆ ಮಾತ್ರ ಉಳಿಸಿದೆ. ಮೂರು ಚುಕ್ಕೆಗಳದ್ದೂ ಹೀಗೆಯೇ. ಅದು ಪುಟ ತಿರುಗಿಸು ಎಂಬ ಸನ್ನೆ. ಆದ್ದರಿಂದ ಬಲಗಡೆಯ ಪುಟದ ಕೊನೆಯ ಸಾಲಿನಲ್ಲಿ ಬಿಟ್ಟರೆ ಬೇರೆಲ್ಲೂ ಅದಕ್ಕೆ ಕೆಲಸವಿಲ್ಲ. ಈ ಪುಸ್ತಕದಲ್ಲಿ 21ನೇ ಪುಟದ ‘ಆಗ ಒಂದು ಸದ್ದು ಕೇಳಿತು…’ ಎಂಬಲ್ಲಿ ಮಾತ್ರ ಅದು ಇದೆ.

ಅಲ್ಪವಿರಾಮದಲ್ಲಿ ಒಂದು ಸೂಕ್ಷ್ಮ ಇದೆ. ‘ಹಸುವಮ್ಮ, ಹಸುವಮ್ಮ,’ ಎಂದು ಎರಡು ಸಲ ಕರೆಯುವಾಗ ನಡುವೆ ವಿರಾಮ ಬೇಕು, ಕರೆದು ಒಂದು ಚೂರು ಕಾಯುತ್ತೇವೆ. ‘ಮರಿ ಬೇಗ, ಬೇಗ ಓಡಿತು’ ಎಂದು ಮೂಲದಲ್ಲಿದ್ದದ್ದು ಸರಿಯಲ್ಲ. ಅದು ದ್ವಿರುಕ್ತಿ, ಎರಡು ಪದ ಸೇರಿ ಒಂದೇ ಅರ್ಥ ಕೊಡುತ್ತವೆ. ನಡುವೆ ಅಲ್ಪವಿರಾಮ ಹಾಕಿದರೆ ಮರಿ ಓಡುತ್ತಾ ಓಡುತ್ತಾ ನಿಂತಂತೆ ಕೇಳುತ್ತದೆ. ‘ಎಂದಿತು’ ಎಂಬ ಪದವನ್ನು ‘ನುಡಿಯಿತು’, ‘ಉಸುರಿತು’ ಎಂದು ಅಲ್ಲಲ್ಲಿ ಬದಲಾಯಿಸಿದ್ದನ್ನೂ ಹಿಂದಕ್ಕೆ ತಂದೆ. ದೊಡ್ಡವರ ಬರಹದಲ್ಲಿ ಒಂದೇ ಪದ ಮರುಕಳಿಸಿದರೆ ಬೇಸರವಾಗಬಹುದು. ಇಲ್ಲಿ ಅದೇ ಆಸರೆ.

ಪುಟ ಕಟ್ಟಿ ಬಂದ ಕರಡಿನಲ್ಲಿ ಬೇರೆಯೇ ಜಾತಿಯ ತಪ್ಪುಗಳು. ‘ಘಲ್‌ಘಲ್’ ಎಂಬ ಗೆಜ್ಜೆಯ ಸದ್ದು ‘ಘಲ್ಘಲ್’ ಆಗಿ, ಲ-ಕ್ಕೆ ಘ-ದ ಒತ್ತು ಬಂದು ಕುಳಿತಿತ್ತು. ಎರಡು ‘ಘಲ್’ಗಳ ನಡುವೆ ಇರಬೇಕಾದ U+200C ಎಂಬ ಕಣ್ಣಿಗೆ ಕಾಣದ ಅಕ್ಷರ, ಪಠ್ಯವನ್ನು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಸಾಗಿಸುವಾಗ ಬಿದ್ದು ಹೋಗಿತ್ತು. ಮತ್ತೆ ಸೇರಿಸಬಹುದು, ಮುಂದಿನ ಸಲ ಮತ್ತೆ ಬಿದ್ದು ಹೋಗಬಹುದು. ‘ಘಲ್ ಘಲ್’ ಎಂದು ಬಿಡಿಸಿಯೇ ಬರೆಯೋಣ ಎಂದು ತೀರ್ಮಾನಿಸಿದೆವು. ಮಗುವಿಗೂ ಅದೇ ಸುಲಭ. ಆದರೆ ಬಿಡಿಸಿದ ತಕ್ಷಣ ಒಂದು ‘ಘಲ್’ ಸಾಲಿನ ಕೊನೆಗೂ ಇನ್ನೊಂದು ಕೆಳಗಿನ ಸಾಲಿಗೂ ಹೋಗುವ ಅಪಾಯ ಇದೆ. ಡಿಟಿಪಿಯವರು ಅಲ್ಲಿ ಮಾಮೂಲಿ ಖಾಲಿ ಜಾಗದ ಬದಲು ಸಾಲು ಮುರಿಯಲು ಬಿಡದ U+00A0 ಹಾಕಿಕೊಟ್ಟರು.

ಸಾಲು ಮುರಿಯುವುದೇ ಚಿತ್ರಪುಸ್ತಕದ ಕರಡಿನಲ್ಲಿ ನಾನು ಹೆಚ್ಚು ಹೊತ್ತು ಕೂರುವ ಕೆಲಸ. ಚಿತ್ರದಲ್ಲಿ ಉಳಿದ ಜಾಗಕ್ಕೆ ತಕ್ಕಂತೆ ಪಠ್ಯವನ್ನು ಹರಿಯಬಿಟ್ಟಿದ್ದರು. ಅದು ಹೀಗೆ ಬಂದಿತ್ತು:

ಇಲ್ಲಿ ಇಲ್ಲ, ಅಲ್ಲಿ
ಇಲ್ಲ. ಎಲ್ಲಿ ನನ್ನ
ಗೆಜ್ಜೆ?

ಅಷ್ಟೆಲ್ಲ ಮಾತ್ರೆ ಎಣಿಸಿ ಕಟ್ಟಿದ ಸಾಲು ಇಲ್ಲಿ ಪುಡಿಯಾಗಿತ್ತು. ಎರಡನೆಯ ಸಾಲು ‘ಇಲ್ಲ. ಎಲ್ಲಿ ನನ್ನ’ ಎಂದು ಶುರುವಾಗುವುದರಿಂದ ಮಗು ಅದನ್ನೇ ಒಂದು ಮಾತೆಂದು ಓದುತ್ತದೆ. ಸಾಲಿನ ಕೊನೆ ಅಲ್ಪವಿರಾಮಕ್ಕಿಂತ ಬಲವಾದ ನಿಲುಗಡೆ. ಹಾಗಾಗಿ ಉಸಿರು ಎಲ್ಲಿ ನಿಲ್ಲುತ್ತದೋ ಸಾಲೂ ಅಲ್ಲೇ ಮುಗಿಯಬೇಕು ಎಂದು ನಾಲ್ಕೂ ಪುಟಗಳಲ್ಲಿ ಕೆಂಪು ಗೆರೆ ಹಾಕಿ ಗುರುತಿಸಿದೆ:

ಇಲ್ಲಿ ಇಲ್ಲ,
ಅಲ್ಲಿ ಇಲ್ಲ.
ಎಲ್ಲಿ ನನ್ನ ಗೆಜ್ಜೆ?

15ನೇ ಪುಟದಲ್ಲಿ ಕೋಳಿಯ ಬಾಲ ಅಡ್ಡ ಬರುತ್ತಿತ್ತು. ಅಕ್ಷರದ ಗಾತ್ರ ಇಳಿಸೋಣವೇ ಎಂದು ಡಿಟಿಪಿಯವರು ಕೇಳಿದರು. ಒಂದು ಪುಟದಲ್ಲಿ ಮಾತ್ರ ಅಕ್ಷರ ಸಣ್ಣದಾದರೆ ಮಗು ಅದನ್ನು ಪಿಸುಮಾತೆಂದು ತಿಳಿಯುತ್ತದೆ, ಬೇಡ ಎಂದೆ. ಸಾಲುಗಳನ್ನು ಹತ್ತಿರ ತಂದರೆ ಮೇಲಿನ ಸಾಲಿನ ಒತ್ತುಗಳು ಕೆಳಗಿನ ಸಾಲಿನ ಗುಡಿಸುಗಳಿಗೆ ತಾಗುತ್ತವೆ. ನಮ್ಮ ಪಲ್ಲವಿಯಲ್ಲಿ ಸಾಲಿನ ತುಂಬ ಒತ್ತುಗಳೇ. 20 ಪಾಯಿಂಟ್ ಅಕ್ಷರಕ್ಕೆ 30 ಪಾಯಿಂಟ್ ಸಾಲಂತರ ಇಟ್ಟಿದ್ದರು, ಅದು ಕದಲಬಾರದು. ಕೊನೆಗೆ ಕಲಾವಿದೆಯೇ ಕೋಳಿಯನ್ನು ಸ್ವಲ್ಪ ಎಡಕ್ಕೆ ಸರಿಸಿದರು. ಗೆಜ್ಜೆಯ ದಾರ ಪಠ್ಯದಲ್ಲಿ ಕೆಂಪು, ಚಿತ್ರದಲ್ಲಿ ನೀಲಿ ಇದ್ದದ್ದನ್ನೂ ಅದೇ ಸುತ್ತಿನಲ್ಲಿ ಹೇಳಿದೆ. ‘ನೀಲಿ’ಯೂ ಓದಲು ಸುಲಭವಾದ ಪದವೇ ಆದ್ದರಿಂದ ಅಲ್ಲಿ ಪಠ್ಯ ಬದಲಾಯಿತು.

ಅಂತಿಮ ಕರಡು ಬಂದಾಗ ಕಥೆಯನ್ನು ಹಿಂದಿನಿಂದ ಮುಂದಕ್ಕೆ, 23ನೇ ಪುಟದಿಂದ 2ನೇ ಪುಟಕ್ಕೆ, ಒಂದೊಂದೇ ಪದವಾಗಿ ನೋಡಿದೆ. ಕಥೆಯ ಓಟ ತಪ್ಪಿದಾಗ ‘ಹಿಂದ’ ಆಗಿ ಉಳಿದ ‘ಹಿಂದೆ’, ಉಲ್ಟಾ ತಿರುಗಿದ ಉದ್ಧರಣೆ ಚಿಹ್ನೆ ಇಂಥವು ಕಣ್ಣಿಗೆ ಬೀಳುತ್ತವೆ. ಎರಡೂ ಸಿಕ್ಕವು. ಆಮೇಲೆ ಪಿಡಿಎಫ್‌ನಲ್ಲಿ ‘ನನ್ನ ಗೆಜ್ಜೆ’ ಎಂದು ಹುಡುಕಿ, ಸಿಕ್ಕಿದ ಪ್ರತಿಯೊಂದನ್ನೂ ಒಪ್ಪಿಕೊಂಡ ಸಾಲುಗಳನ್ನು ಆಮೇಲೆ ಸೇರಿಸಿದ್ದ ಬಿಳಿ ಹಾಳೆಯ ಜೊತೆ ಒಂದೊಂದಾಗಿ ತಾಳೆ ನೋಡಿದೆ. ಪ್ರಶ್ನೆಯ ನಾಲ್ಕು, ಪಲ್ಲವಿಯ ನಾಲ್ಕು, ಕೊನೆಯದೊಂದು. ಒಂಬತ್ತೂ ಸರಿಯಾಗಿದ್ದವು. ಆ ಹಾಳೆಯನ್ನೇ ಸ್ಕ್ಯಾನ್ ಮಾಡಿ, ‘ಮರುಮುದ್ರಣದಲ್ಲಿ ಪಠ್ಯವನ್ನು ಬೇರೆ ಅಕ್ಷರಶೈಲಿಗೆ ತಂದರೆ ಘಲ್ ಘಲ್ ಮತ್ತು ಪಲ್ಲವಿಯ ಸಾಲುಗಳನ್ನು ಮತ್ತೊಮ್ಮೆ ನೋಡಿ’ ಎಂಬ ಟಿಪ್ಪಣಿಯೊಂದಿಗೆ ಸಂಪಾದಕರಿಗೆ ಕಳಿಸಿದೆ.